ಬ್ರಹ್ಮಕಮಲ, 900 ಫೋಟೊ ಮತ್ತು ಮಿಣುಕುವ ಗೋಡೆ

ಹೋದ ವರ್ಷ ನಮ್ಮ ಮನೆಯ ಬ್ರಹ್ಮಕಮಲ ಅರಳುವುದನ್ನು ಟೈಮ್‌ಲ್ಯಾಪ್ಸ್ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದೆ. ಐದು ಗಂಟೆ ಜಗಲಿಯಲ್ಲಿ ಕೂತು, ಸೊಳ್ಳೆ ಕೈಲಿ ಕಚ್ಚಿಸಿಕೊಂಡು ತೆಗೆದ 600 ಫೋಟೊ. ಎಲ್ಲವನ್ನೂ ಜೋಡಿಸಿ ವಿಡಿಯೋ ಮಾಡಿದರೆ ಹೂವೇನೋ ಅರಳುತ್ತಿತ್ತು, ಆದರೆ ಅದರ ಹಿಂದಿನ ಗೋಡೆ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಟಪಟ ಮಿಣುಕುತ್ತಿತ್ತು. ತಂಗಿ ನೋಡಿ, "ಇದೇನಣ್ಣ, ಗುಡುಗು ಮಿಂಚಿನ ಮಳೆಯಲ್ಲಿ ತೆಗೆದದ್ದಾ?" ಅಂದಳು.

ಫ್ಲಿಕರ್ ತೆಗೆಯುವ ಫಿಲ್ಟರ್ ಇದೆ, ಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಹಾಕಿದೆ. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಜಾಸ್ತಿ ಹಾಕಿದೆ. ಗೋಡೆ ನಿಂತಿತು, ಈಗ ಹೂವೇ ಮಿಣುಕತೊಡಗಿತು! ಹೀಗೇಕೆ ಅಂತ ಹುಡುಕಿಕೊಂಡು ಹೋದಾಗ ಗೊತ್ತಾಗಿದ್ದು, ನಾವು ಫ್ಲಿಕರ್ ಅಂತ ಒಂದೇ ಹೆಸರಲ್ಲಿ ಕರೆಯುವುದು ಒಂದೇ ಕಾಯಿಲೆ ಅಲ್ಲ ಅನ್ನುವುದು. ನನ್ನ ಆ ವಿಡಿಯೋದಲ್ಲಿ ಎರಡು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಇದ್ದವು.

ಗೊತ್ತಾಗಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ಚಿತ್ರದಲ್ಲಿ ಬದಲಾಗಬಾರದ ಒಂದು ಜಾಗ ಬೇಕು. ನಮ್ಮ ಜಗಲಿಯಲ್ಲಿ ಅದು ಗೋಡೆ. ಇಡೀ ಚಿತ್ರದ ಸರಾಸರಿ ಬೆಳಕು ನೋಡಿ ಪ್ರಯೋಜನವಿಲ್ಲ. ಬಿಳಿ ಹೂ ಅರಳುತ್ತಾ ಹೋದಂತೆ ಅದು ಹೇಗೂ ಏರುತ್ತದೆ. ಗೋಡೆ ಮಾತ್ರ ರಾತ್ರಿಯಿಡೀ ಒಂದೇ ಥರ ಇರಬೇಕು, ಅಲ್ವಾ? ಹಾಗಾಗಿ ಪ್ರತಿ ಫೋಟೊದಲ್ಲೂ ಎಡ ಮೂಲೆಯ ಗೋಡೆಯ ಒಂದು ಚೌಕವನ್ನಷ್ಟೇ ಕತ್ತರಿಸಿ, ಅದರ ಸರಾಸರಿ ಬೆಳಕನ್ನು ಒಂದು ಫೈಲಿಗೆ ಬರೆಸಿದೆ. ffmpeg ಅನ್ನುವ ವಿಡಿಯೋ ತಂತ್ರಾಂಶ ಇದ್ದರೆ ಒಂದೇ ಕಮಾಂಡ್ ಸಾಕು:

```
ffmpeg -pattern_type glob -i '*.jpg' -vf "crop=300:300:100:100,signalstats,metadata=print:key=lavfi.signalstats.YAVG:file=gode.txt" -f null -
```

`crop`ನಲ್ಲಿರುವ ಮೊದಲ ಎರಡು ಅಂಕಿ ಚೌಕದ ಅಗಲ, ಎತ್ತರ. ಕೊನೆಯ ಎರಡು ಎಡದಿಂದ ಎಷ್ಟು, ಮೇಲಿನಿಂದ ಎಷ್ಟು ಅನ್ನುವುದು. ನಿಮ್ಮ ಚಿತ್ರದಲ್ಲಿ ಅಲುಗದ ಜಾಗ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. `gode.txt`ನಲ್ಲಿ ಪ್ರತಿ ಫೋಟೊಗೆ `YAVG` ಅಂತ ಒಂದು ಅಂಕಿ ಬರುತ್ತದೆ. ಆ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಗೆರೆ ಎಳೆಸಿದೆ. ಗೆರೆ ನೋಡಿದ ಕೂಡಲೇ ಅರ್ಧ ವಿಷಯ ಬಗೆಹರಿಯಿತು.

ಗೆರೆಯ ಉದ್ದಕ್ಕೂ ಗರಗಸದ ಹಲ್ಲಿನಂತೆ ಸಣ್ಣ ಏರಿಳಿತ ಇತ್ತು. ಒಂದು ಫೋಟೊ ಮೇಲೆ, ಇನ್ನೊಂದು ಕೆಳಗೆ, ಯಾವ ಕ್ರಮವೂ ಇಲ್ಲ. ಇದರ ಜೊತೆಗೆ ಮೂರು ಕಡೆ ದೊಡ್ಡ ಹೊಂಡಗಳು. ಗೆರೆ ಒಮ್ಮೆಲೇ ಕೆಳಗಿಳಿದು, 20 ಫೋಟೊದಷ್ಟು ಕಾಲ ಅಲ್ಲೇ ಇದ್ದು, ಮತ್ತೆ ಮೇಲೆ ಬರುತ್ತಿತ್ತು. ಹೋದ ವರ್ಷ 30 ಸೆಕೆಂಡಿಗೊಂದು ಫೋಟೊ ತೆಗೆದಿದ್ದೆ. ಅಂದರೆ ಹೊಂಡ ಒಂದೊಂದೂ ಹತ್ತು ನಿಮಿಷ.

ಹತ್ತು ನಿಮಿಷ ಅಂದ ಕೂಡಲೇ ಅಮ್ಮನಿಗೆ ಹೊಳೆಯಿತು. "ತೋಟಕ್ಕೆ ನೀರು ಬಿಟ್ಟಿರ್ತಾರೆ ಕಣೋ." ನಮ್ಮ ಕಡೆ ರಾತ್ರಿ ತ್ರೀ ಫೇಸ್ ಬಂದರೆ ಅಕ್ಕಪಕ್ಕದ ಅಡಿಕೆ ತೋಟದ ಪಂಪ್‌ಸೆಟ್‌ಗಳು ಚಾಲೂ ಆಗುತ್ತವೆ, ಮನೆಯ ಬಲ್ಬು ಮಂಕಾಗುತ್ತದೆ. ಹೂವಿಗೆ ಬೆಳಕು ಕೊಡಲು ನಾನು ಇಟ್ಟಿದ್ದು 60 ವ್ಯಾಟಿನ ಹಳೆ ತಂತಿ ಬಲ್ಬು, ಹಳದಿ ಬೆಳಕು ಚೆಂದ ಅಂತ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಲೆಕ್ಕ ಹಾಕಿ ನೋಡಿ, ವೋಲ್ಟೇಜು ಬರೀ 5 ಪರ್ಸೆಂಟ್ ಇಳಿದರೆ ಬೆಳಕು 16 ಪರ್ಸೆಂಟ್ ಇಳಿಯುತ್ತದೆ. ಕಣ್ಣು ಹೊಂದಿಕೊಳ್ಳುತ್ತದೆ, ನಾವು ಗಮನಿಸುವುದಿಲ್ಲ. ಮ್ಯಾನುಯಲ್‌ನಲ್ಲಿಟ್ಟ ಕ್ಯಾಮೆರಾ ಗಮನಿಸುತ್ತದೆ.

ಹಾಗಂತ ಕ್ಯಾಮೆರಾವನ್ನು ಆಟೋದಲ್ಲಿ ಇಟ್ಟರೆ ಇನ್ನೂ ಕೆಟ್ಟದಾಗುತ್ತದೆ. ಬಿಳಿ ಹೂ ದೊಡ್ಡದಾದಂತೆ ಕ್ಯಾಮೆರಾ "ಬೆಳಕು ಜಾಸ್ತಿಯಾಯಿತು" ಅಂದುಕೊಂಡು ಎಕ್ಸ್‌ಪೋಷರ್ ಕಡಿಮೆ ಮಾಡುತ್ತಾ ಹೋಗುತ್ತದೆ. ಕೊನೆಗೆ ಎಲೆ, ಗೋಡೆ ಎಲ್ಲ ಕಪ್ಪು.

ಗರಗಸದ ಹಲ್ಲಿಗೆ ಕಾರಣ ಲೆನ್ಸಿನ ಒಳಗಿತ್ತು. ಡಿಎಸ್‌ಎಲ್‌ಆರ್‌ನಲ್ಲಿ ಫೋಟೊ ಹೊಡೆಯುವ ಕ್ಷಣಕ್ಕೆ ಮಾತ್ರ ಬೆಳಕು ಒಳಬಿಡುವ ತೂತಿನ, ಅಂದರೆ ಅಪರ್ಚರಿನ ಎಲೆಗಳು ಮುಚ್ಚಿಕೊಳ್ಳುತ್ತವೆ, ಆಮೇಲೆ ಮತ್ತೆ ಪೂರ್ತಿ ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ನಿಲ್ಲುತ್ತವೆ. ಹೋದ ವರ್ಷ ಹೂವಿನ ತುದಿ, ಬುಡ ಎಲ್ಲ ಫೋಕಸಿನಲ್ಲಿರಲಿ ಅಂತ f/16 ಇಟ್ಟಿದ್ದೆ. ನನ್ನದು 50 ಮಿ.ಮೀ. ಲೆನ್ಸ್. f/16 ಅಂದರೆ ತೂತಿನ ಅಡ್ಡಳತೆ 50ನ್ನು 16ರಿಂದ ಭಾಗಿಸಿದಷ್ಟು, ಅಂದರೆ 3.1 ಮಿ.ಮೀ. ಇದರಲ್ಲಿ 0.1 ಮಿ.ಮೀ. ವ್ಯತ್ಯಾಸ ಬಂದರೆ ಒಳಬರುವ ಬೆಳಕು ಆರು ಪರ್ಸೆಂಟಿಗಿಂತ ಜಾಸ್ತಿ ಬದಲಾಗುತ್ತದೆ. ಅದೇ f/5.6 ಇಟ್ಟರೆ ತೂತು 8.9 ಮಿ.ಮೀ., ಅದೇ 0.1 ಮಿ.ಮೀ. ತಪ್ಪಿಗೆ ಬದಲಾವಣೆ ಎರಡು ಪರ್ಸೆಂಟ್ ಚಿಲ್ಲರೆ. ಪೂರ್ತಿ ತೆರೆದಿಟ್ಟರೆ ಎಲೆಗಳು ದಾರಿಯಲ್ಲೇ ಇರುವುದಿಲ್ಲ, ಈ ತೊಂದರೆಯೂ ಇಲ್ಲ. ಒಂದೊಂದೇ ಫೋಟೊ ನೋಡಿದರೆ ಎರಡು ಪರ್ಸೆಂಟ್ ಯಾರಿಗೂ ಕಾಣುವುದಿಲ್ಲ. ಸೆಕೆಂಡಿಗೆ 25 ಓಡಿಸಿದಾಗ ಮಾತ್ರ ಗೋಡೆ ನಡುಗಿದ ಹಾಗೆ ಕಾಣುತ್ತದೆ.

ಇದಕ್ಕೆ ಫೋಟೊಗ್ರಾಫರುಗಳ ಒಂದು ಹಳೆ ಉಪಾಯ ಇದೆ. ಅಪರ್ಚರ್ ಮುಚ್ಚಿ ತೋರಿಸುವ ಬಟನ್ ಒತ್ತಿ ಹಿಡಿದು, ಲೆನ್ಸನ್ನು ಬಿಚ್ಚುವವರ ಹಾಗೆ ಚೂರೇ ಚೂರು ತಿರುಗಿಸುವುದು. ಕ್ಯಾಮೆರಾಕ್ಕೂ ಲೆನ್ಸಿಗೂ ಸಂಪರ್ಕ ತಪ್ಪಿ, ಎಲೆಗಳು ಇದ್ದಲ್ಲೇ ನಿಂತುಬಿಡುತ್ತವೆ. ಕೆಲವು ಕ್ಯಾಮೆರಾದಲ್ಲಿ ಮಾತ್ರ ಇದು ನಡೆಯುತ್ತದೆ. ನಾನು ಮಧ್ಯಾಹ್ನ ಒಮ್ಮೆ ಮಾಡಿ ನೋಡಿದೆ, ಕೆಲಸ ಮಾಡಿತು. ಆದರೆ ಅರ್ಧ ಬಿಚ್ಚಿದ ಲೆನ್ಸ್ ಐದು ಗಂಟೆ ಹಾಗೇ ನೇತಾಡುವುದನ್ನು ನೆನೆಸಿಕೊಂಡರೆ ಎದೆ ಧಸಕ್ ಅಂತು. ಬಿಟ್ಟೆ.

ಈ ವರ್ಷ ಮೊಗ್ಗು ಬಾಗಿದ ಕತ್ತನ್ನು ಮೇಲೆತ್ತಿ ಬಲೂನಿನ ಹಾಗೆ ಉಬ್ಬಿದ ದಿನ, ಇವತ್ತೇ ಅಂತ ಅಮ್ಮ ಬೆಳಿಗ್ಗೆಯೇ ಹೇಳಿಬಿಟ್ಟರು. ಅವರ ಲೆಕ್ಕ ತಪ್ಪುವುದಿಲ್ಲ. (ನಾವು ಬ್ರಹ್ಮಕಮಲ ಅನ್ನುವ ಇದು ಕಮಲವೂ ಅಲ್ಲ, ಹಿಮಾಲಯದ ಬ್ರಹ್ಮಕಮಲವೂ ಅಲ್ಲ. ಮೆಕ್ಸಿಕೊ ಕಡೆಯ ಕಳ್ಳಿ ಜಾತಿಯ ಗಿಡ. ಎಲೆ ಅಂತ ನಮಗೆ ಕಾಣುವುದು ಅದರ ಚಪ್ಪಟೆ ಕಾಂಡ. ಇದನ್ನು ಅಮ್ಮನ ಮುಂದೆ ಹೇಳುವ ಹಾಗಿಲ್ಲ.)

ಗಾಳಿಗೆ ಅಲ್ಲಾಡದಂತೆ ಹೂ ಬಿಟ್ಟ ಕಾಂಡವನ್ನು ಒಂದು ಕೋಲಿಗೆ ಬಾಳೆ ಪಟ್ಟೆಯಿಂದ ಕಟ್ಟಿದೆ. ಅರಳುವಾಗ ಹೂ ಇನ್ನಷ್ಟು ಮೇಲೆದ್ದು ಮುಂದೆ ಬರುತ್ತದೆ, ಅದಕ್ಕೆ ಮೊಗ್ಗಿನ ಸುತ್ತ ಧಾರಾಳವಾಗಿ ಜಾಗ ಬಿಟ್ಟು ಫ್ರೇಮ್ ಮಾಡಿದೆ. ತಂತಿ ಬಲ್ಬಿಗೆ ಕೈಮುಗಿದು, ಪವರ್ ಬ್ಯಾಂಕಿಗೆ ಸಿಕ್ಕಿಸುವ ಸಣ್ಣ ಎಲ್‌ಇಡಿ ಲೈಟ್ ಇಟ್ಟೆ. ಪಂಪ್‌ಸೆಟ್ ಓಡಲಿ, ಕರೆಂಟೇ ಹೋಗಲಿ, ಅದಕ್ಕೇನೂ ಆಗುವುದಿಲ್ಲ. ಜಗಲಿಯ ಬೇರೆಲ್ಲ ದೀಪ ಆರಿಸಿದೆ.

ಎಲ್‌ಇಡಿಗೆ ಅದರದ್ದೇ ಒಂದು ಚಾಳಿ ಇದೆ. ಕರೆಂಟಿನ ಮೇಲೆ ಓಡುವ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಒಂದು ಸುತ್ತಿಗೆ ಎರಡು ಮಿಣುಕು. ಷಟರ್ 1/160 ಸೆಕೆಂಡ್ ಇದ್ದರೆ ಅದಕ್ಕೆ ಒಂದು ಮಿಣುಕಿನ ಅರ್ಧಕ್ಕಿಂತ ಚೂರು ಜಾಸ್ತಿ ಭಾಗ ಸಿಗುತ್ತದೆ. ಯಾವ ಭಾಗ ಅನ್ನುವುದು ಅದೃಷ್ಟ. ಬ್ಯಾಟರಿಯ ಲೈಟೂ ಮಂಕು ಮಾಡಿದಾಗ ಹೀಗೆ ಮಿಣುಕಬಹುದು. ಷಟರ್ ಅರ್ಧ ಸೆಕೆಂಡ್ ಇಟ್ಟರೆ ಇಂಥ 50 ಮಿಣುಕು ಒಳಗೆ ಬರುತ್ತವೆ, ಒಂದು ಹೆಚ್ಚು ಒಂದು ಕಡಿಮೆ ಆದರೂ ಲೆಕ್ಕಕ್ಕಿಲ್ಲ. ಹೂವೇನೂ ಓಡಿಹೋಗುವುದಿಲ್ಲವಲ್ಲ, ಅರ್ಧ ಸೆಕೆಂಡ್ ಇಟ್ಟೆ. f/5.6, ಐಎಸ್‌ಒ 400. ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ ಎರಡೂ ಕೈಯಾರೆ ಇಟ್ಟು ಬಿಟ್ಟೆ.

ಈ ಐಎಸ್‌ಒ 400ಕ್ಕೆ ಬಂದ ದಾರಿ ಮುಖ್ಯ. ಹೋದ ವರ್ಷ ಹಸಿರು ಮೊಗ್ಗು, ಗೋಡೆ ನೋಡಿಕೊಂಡು ಬೆಳಕು ಹೊಂದಿಸಿದ್ದೆ. ರಾತ್ರಿ ಹತ್ತಕ್ಕೆ ಬಿಳಿ ಎಸಳು ಬಿಚ್ಚಿಕೊಂಡಾಗ ಅವು ಪೂರ್ತಿ ಬೆಳ್ಳಗೆ ಸುಟ್ಟುಹೋದವು, ಎಸಳಿನ ಗೆರೆ ಒಂದೂ ಇಲ್ಲ. ಫಿಲ್ಟರ್ ಹಾಕಿದಾಗ ಹೂವೇ ಮಿಣುಕಿದ್ದು ಇದರಿಂದ. ವೋಲ್ಟೇಜ್ ಇಳಿದ ಹೊಂಡದಲ್ಲಿ ಎಸಳಿಗೆ ಗೆರೆ ಇತ್ತು, ಹೊಂಡದ ಹೊರಗೆ ಇರಲಿಲ್ಲ. ಫಿಲ್ಟರ್ ಗೋಡೆಯ ಬೆಳಕನ್ನು ಸಮ ಮಾಡಬಹುದು, ಇಲ್ಲದ ಗೆರೆಯನ್ನು ಎಲ್ಲಿಂದ ತರುತ್ತದೆ? ಈ ಸಲ ಅಮ್ಮನ ಮಲ್ಲಿಗೆ ದಂಡೆ ಇಸಿದುಕೊಂಡು ಮೊಗ್ಗಿನ ಪಕ್ಕ ಹಿಡಿಸಿ, ಒಂದು ಫೋಟೊ ಹೊಡೆದು, ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಬಲ ಅಂಚಿಗೆ ತಾಗದ ಹಾಗೆ ನೋಡಿಕೊಂಡೆ. ಆಗ ಗೋಡೆ ಕಪ್ಪು ಅನ್ನಿಸಿತು. ಇರಲಿ ಅಂತ ಬಿಟ್ಟೆ.

ಇನ್ನು ಎಷ್ಟು ಸೆಕೆಂಡಿಗೊಂದು ಫೋಟೊ? ರಾತ್ರಿ 7:15ರಿಂದ 12:15, ಐದು ಗಂಟೆ, 18,000 ಸೆಕೆಂಡ್. ನನಗೆ 30 ಸೆಕೆಂಡಿನ ವಿಡಿಯೋ ಬೇಕು, ಸೆಕೆಂಡಿಗೆ 30 ಫ್ರೇಮ್. ಅಂದರೆ 900 ಫೋಟೊ. 18,000ವನ್ನು 900ರಿಂದ ಭಾಗಿಸಿದರೆ 20 ಸೆಕೆಂಡ್. ಟೈಮರ್ ರಿಮೋಟಿಗೆ ಅದನ್ನೇ ಕೊಟ್ಟೆ. ಮೋಡ ತೆಗೆಯುವಾಗ ಇಷ್ಟು ಬಿಟ್ಟು ಬಿಟ್ಟು ತೆಗೆದರೆ ಮೋಡ ಕುಪ್ಪಳಿಸುತ್ತದೆ, ಅಲ್ಲಿ ಎರಡು ಮೂರು ಸೆಕೆಂಡ್ ಸಾಕು. ಹೂವಿಗೆ 20 ತೊಂದರೆಯಿಲ್ಲ.

ಎಲ್ಲ ಸರಿಯಾಗಿ ನಡೆಯುತ್ತಿತ್ತು, 9:45ರವರೆಗೆ. ಹೂ ಮುಕ್ಕಾಲು ಅರಳಿತ್ತು. ಪಕ್ಕದ ಮನೆಯವರೂ ನೋಡಲು ಬಂದಿದ್ದರು. ಕ್ಯಾಮೆರಾದ ಹಿಂದೆ ನಿಲ್ಲಿ, ಟಾರ್ಚ್ ಹಾಕಬೇಡಿ ಅಂತ ಎಲ್ಲರಿಗೂ ಹೇಳಿ ಕೂರಿಸಿದ್ದೆ. ಅಮ್ಮನಿಗೆ ಹೇಳುವುದು ಮರೆತೆ. ಅವರು ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದವರೇ ಹೂವಿಗೆ ಬೆಳಗತೊಡಗಿದರು. ತಡೆಯಲು ನನಗೆ ಬಾಯಿ ಬರಲಿಲ್ಲ. ಒಂದು ನಿಮಿಷ. ಕ್ಯಾಮೆರಾ ಮೂರು ಸಲ ಟಕ್ ಅಂತು.

ಮರುದಿನ ಮೊದಲ ಸಲ ವಿಡಿಯೋ ಮಾಡಿದಾಗ ಸಣ್ಣ ದಡ್ಡತನ ಒಂದಾಯಿತು. ಫ್ರೇಮ್ ರೇಟನ್ನು `-i`ಗೆ ಮುಂಚೆ `-framerate 30` ಅಂತ ಕೊಡುವ ಬದಲು ಕೊನೆಗೆ `-r 30` ಅಂತ ಕೊಟ್ಟಿದ್ದೆ. ಹಾಗೆ ಮಾಡಿದರೆ ffmpeg ಫೋಟೊಗಳನ್ನು ತನ್ನ ರೂಢಿಯಂತೆ ಸೆಕೆಂಡಿಗೆ 25 ಅಂತಲೇ ಓದುತ್ತದೆ, ಆಮೇಲೆ 30 ಮಾಡಲು ಸೆಕೆಂಡಿಗೆ ಐದು ಫ್ರೇಮನ್ನು ಎರಡೆರಡು ಸಲ ತೋರಿಸುತ್ತದೆ. ಎಸಳು ಸರಾಗವಾಗಿ ಬಿಚ್ಚುವ ಬದಲು ಸೆಕೆಂಡಿಗೆ ಐದು ಸಲ ತಡವರಿಸುತ್ತಿತ್ತು. ವಿಡಿಯೋ 30ರ ಬದಲು 36 ಸೆಕೆಂಡ್ ಬಂದಿದ್ದರಿಂದ ಸುಳಿವು ಸಿಕ್ಕಿತು.

25 ಯಾಕಲ್ಲ, 30 ಯಾಕೆ ಅಂತ ಕೇಳಬಹುದು. ನಮ್ಮ ಟಿವಿಯ ಲೆಕ್ಕ 25. ಆದರೆ ನನ್ನ ವಿಡಿಯೋ ನೋಡುವವರೆಲ್ಲ ಫೋನಿನಲ್ಲಿ ನೋಡುವವರು, ಎಷ್ಟೋ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 30 ಇದ್ದರೆ ಪ್ರತಿ ಫ್ರೇಮಿಗೂ ಸಮನಾಗಿ ಎರಡು ಸಲ. 25 ಇದ್ದರೆ ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ನಿಧಾನವಾಗಿ ಚಲಿಸುವ ಎಸಳಿನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ ನಿಜ, ಆದರೂ ಸುಮ್ನೆ ಯಾಕೆ. ಹೋದ ವರ್ಷ ವಿಡಿಯೋ ಉದ್ದ ಆಗಲಿ ಅಂತ 12 ಇಟ್ಟೂ ನೋಡಿದ್ದೆ. ಎಸಳಿನ ಚಲನೆ ಪರವಾಗಿಲ್ಲ ಅನ್ನುವಂತಿತ್ತು, ಫ್ಲಿಕರ್ ಮಾತ್ರ ಎರಡರಷ್ಟು ಎದ್ದು ಕಂಡಿತು. ಒಂದೊಂದು ಕಪ್ಪು ಫ್ರೇಮೂ ಜಾಸ್ತಿ ಹೊತ್ತು ನಿಂತು ಮುಖ ತೋರಿಸಿ ಹೋಗುತ್ತಿತ್ತು.

ಈ ಸಲದ ಗೋಡೆಯ ಗೆರೆಯಲ್ಲಿ ಹೊಂಡ ಒಂದೂ ಇರಲಿಲ್ಲ. ಗರಗಸದ ಹಲ್ಲು ಇತ್ತು, ಆದರೆ ಚಿಕ್ಕದು: 60.2, 60.8, 60.3, 60.9 ಹೀಗೆ. f/5.6ರಿಂದ ಇಷ್ಟು ಬರುತ್ತದೆ ಅಂತ ಗೊತ್ತಿದ್ದದ್ದೇ. ಮಧ್ಯದಲ್ಲಿ ಮೂರು ಫೋಟೊ ಮಾತ್ರ ಗೋಪುರದ ಹಾಗೆ 70 ದಾಟಿದ್ದವು. ಅಮ್ಮನ ಆರತಿ.

ffmpegನ `deflicker` ಮಾಡುವ ಕೆಲಸ ಸರಳ. ಒಂದು ಸಾಲು ಫ್ರೇಮುಗಳ ಬೆಳಕನ್ನು ಅಳೆದು ಅವುಗಳ ಸರಾಸರಿ ತೆಗೆಯುತ್ತದೆ, ಆಮೇಲೆ ಈಗಿನ ಫ್ರೇಮನ್ನು ಆ ಮಟ್ಟಕ್ಕೆ ಏರಿಸುತ್ತದೆ ಅಥವಾ ಇಳಿಸುತ್ತದೆ. ಎಷ್ಟು ಫ್ರೇಮ್ ನೋಡಬೇಕು ಅನ್ನುವುದು `size`. ನಾವು ಏನೂ ಹೇಳದಿದ್ದರೆ 5. ಹೋದ ವರ್ಷ ಮೊದಲ ಸಲ ಸೋತಿದ್ದು ಇಲ್ಲೇ. 20 ಫ್ರೇಮಿನ ಹೊಂಡವನ್ನು ಐದೈದೇ ಫ್ರೇಮ್ ನೋಡುವ ಫಿಲ್ಟರ್ ಹೊಂಡ ಅಂತ ಗುರುತಿಸುವುದೇ ಇಲ್ಲ. ಅದರ ದಡವನ್ನಷ್ಟೇ ಚೂರು ಇಳಿಜಾರು ಮಾಡುತ್ತದೆ.

ಯಾವ ಥರದ ಸರಾಸರಿ ಅನ್ನುವುದು `mode`. ಇದರ ವ್ಯತ್ಯಾಸ ಕೈಯಲ್ಲೇ ಲೆಕ್ಕ ಹಾಕಬಹುದು. ಐದು ಫ್ರೇಮಿನ ಬೆಳಕು 60, 60, 72, 60, 60 ಅಂತ ಇದೆ ಅಂದುಕೊಳ್ಳಿ. ಮಾಮೂಲಿ ಸರಾಸರಿ 62.4. ಅಂದರೆ ಒಂದು ಕೆಟ್ಟ ಫ್ರೇಮ್ ಅಕ್ಕಪಕ್ಕದ ಒಳ್ಳೆಯವನ್ನೂ ಮೇಲೆಳೆಯುತ್ತದೆ, ಒಂದು ಚೂಪು ಮಿಂಚಿನ ಬದಲು ಐದು ಫ್ರೇಮಿನ ಒಂದು ಉಬ್ಬು ಉಳಿಯುತ್ತದೆ. ಅದೇ `median` ಅಂದರೆ, ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ನಡುವಿನದನ್ನು ತೆಗೆದುಕೊಳ್ಳುವುದು. ಉತ್ತರ 60. 72ರ ಮಾತನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಆರತಿಯ ಮೂರು ಫ್ರೇಮೂ `median`ನಿಂದ ಸರಿಹೋಗಬೇಕಲ್ಲ ಅಂತ ಒಂಬತ್ತು ಫ್ರೇಮಿನ `size` ಇಟ್ಟು ಓಡಿಸಿದೆ. ಸರಾಸರಿ ಸರಿಹೋಯಿತು, ಚಿತ್ರ ಹಾಳಾಯಿತು. ದೀಪದ ಬೆಳಕು ಜಾಸ್ತಿ ಬಿದ್ದಿದ್ದು ಬಲಗಡೆಗೆ, ಎಡಕ್ಕೆ ತಲುಪಿದ್ದು ಚೂರೇ. ಫಿಲ್ಟರಿಗೆ ಎಡ ಬಲ ಗೊತ್ತಿಲ್ಲ, ಇಡೀ ಫ್ರೇಮನ್ನು ಒಟ್ಟಿಗೆ ಕಪ್ಪು ಮಾಡಿತು. ಬಲಗಡೆ ಆರತಿ ಇದ್ದೇ ಇದೆ, ಎಡಗಡೆಯ ಗೋಡೆ ಗಕ್ಕನೆ ಕತ್ತಲಾಯಿತು. ಮೊದಲಿಗಿಂತ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಬೆಳಕು ಬದಲಾದರೆ ಈ ಫಿಲ್ಟರ್ ಕೈಲಿ ಆಗುವುದಿಲ್ಲ.

ಅಂಥ ಫ್ರೇಮುಗಳನ್ನು ಮೊದಲೇ ತೆಗೆದುಬಿಡುವುದೇ ದಾರಿ. ಅವುಗಳ ಜಾಗದಲ್ಲಿ ಹಿಂದಿನ ಫೋಟೊವನ್ನೇ ಮೂರು ಸಲ ಹಾಕಿ ನೋಡಿದೆ. ಹೂ ಒಂದು ಕ್ಷಣ ನಿಂತು ಆಮೇಲೆ ಹಾರಿತು. ಸುಮ್ಮನೆ ಅಳಿಸಿ ನೋಡಿದೆ. ನಿಲ್ಲುವುದು ಹೋಯಿತು, ಹಾರುವುದಷ್ಟೇ ಉಳಿಯಿತು, ಅದೂ ಹುಡುಕಿದರೆ ಮಾತ್ರ ಕಾಣುವಷ್ಟು. ಅಳಿಸಿದ್ದೇ ಸರಿ ಅನ್ನಿಸಿತು. ಮೊದಲ ಒಂದು ಗಂಟೆ ಮೊಗ್ಗು ಏನೂ ಮಾಡದೆ ಕೂತಿತ್ತು, ಆ 180 ಫೋಟೊವನ್ನೂ ತೆಗೆದೆ. ಉಳಿದದ್ದು 717, ಸುಮಾರು 24 ಸೆಕೆಂಡ್.

```
ffmpeg -framerate 30 -pattern_type glob -i '*.jpg' -vf "scale=1920:-2,crop=1920:1080,deflicker=size=9:mode=median" -c:v libx264 -crf 18 -pix_fmt yuv420p hoovu.mp4
```

ಇಲ್ಲಿ `glob` ಇರುವುದರಿಂದ ಮಧ್ಯದ ಫೋಟೊ ಅಳಿಸಿದರೂ ನಂಬರ್ ತಪ್ಪಿತು ಅಂತ ನಿಲ್ಲುವುದಿಲ್ಲ. ಆದರೆ ವಿಂಡೋಸ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಫೋಟೊಗಳಿಗೆ ಸಾಲಾಗಿ ಹೊಸ ನಂಬರ್ ಕೊಟ್ಟು `%04d.jpg` ಅಂತ ಬರೆಯಬೇಕು. `yuv420p` ಮರೆತರೆ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿದ ವಿಡಿಯೋ ಎಷ್ಟೋ ಫೋನುಗಳಲ್ಲಿ ತೆರೆಯುವುದೇ ಇಲ್ಲ.

ಒಂಬತ್ತೇ ಯಾಕೆ ಅಂದರೆ, ಗರಗಸದ ಹಲ್ಲು ಒಂದೊಂದು ಫ್ರೇಮಿನದ್ದು, ಅದಕ್ಕೆ ಒಂಬತ್ತು ಧಾರಾಳ. ಹೂ ಅರಳುವುದು ನೂರಾರು ಫ್ರೇಮಿನ ಕೆಲಸ, ಅದರಿಂದ ಏರುವ ಬೆಳಕನ್ನು ಒಂಬತ್ತು ಫ್ರೇಮಿನ ಫಿಲ್ಟರ್ ಮುಟ್ಟುವುದಿಲ್ಲ. ಮುಗಿದ ವಿಡಿಯೋವನ್ನು ಮತ್ತೆ ಗೋಡೆಯ ಪರೀಕ್ಷೆಗೆ ಹಾಕಿದೆ. ಹಲ್ಲು ಸವೆದು ಗೆರೆ ನೆಟ್ಟಗಾಗಿತ್ತು. ಮಲ್ಲಿಗೆ ದಂಡೆಯ ಪುಣ್ಯದಿಂದ ಎಸಳಿನ ಗೆರೆಗಳೂ ಕೊನೆಯವರೆಗೆ ಉಳಿದಿದ್ದವು.

ತಂಗಿಗೆ ಕಳಿಸಿದೆ, ಈ ಸಲ ಮಿಂಚಿನ ಮಾತು ಬರಲಿಲ್ಲ. ಅಮ್ಮನಿಗೆ ತೋರಿಸಿದೆ. ಪೂರ್ತಿ ನೋಡಿ, "ಚೆನ್ನಾಗಿ ಬಂದಿದೆ. ಆರತಿ ಎಲ್ಲಿ?" ಅಂದರು. ತೆಗೆದಿದ್ದೀನಿ ಅಂದೆ. ಮುಖ ಸಪ್ಪಗಾಯಿತು. ಸರಿ, ಅವರಿಗಾಗಿಯೇ ಇನ್ನೊಂದು ವಿಡಿಯೋ ಮಾಡಿದೆ, ಆ ಮೂರು ಫೋಟೊವನ್ನು ವಾಪಸ್ ಹಾಕಿ. ಮೂರು ಫ್ರೇಮ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಆರತಿ ಮುಗಿದಿತ್ತು.

"ಇಷ್ಟೇನಾ? ನಾನು ಪೂರ್ತಿ ಹಾಡು ಹೇಳಿದೀನಿ ಕಣೋ."

ಈಗ ಅವರ ಫೋನಿನಲ್ಲಿರುವ ವಿಡಿಯೋದಲ್ಲಿ ಆ ಮೂರು ಫೋಟೊ ಒಂದೊಂದೂ ಎರಡೆರಡು ಸೆಕೆಂಡ್ ನಿಲ್ಲುತ್ತವೆ. ಅದಕ್ಕೆ ಫಿಲ್ಟರ್ ಹಾಕಿಲ್ಲ. ಗೋಡೆ ಹಳದಿಯಾಗಿ ಹೊಳೆಯುತ್ತದೆ.